ಏಳರಿಂದ ಎರಡು

ನನ್ನ ಗಂಡ ಬದುಕಿದ್ದಾರೆ ಎಂದು ನಾನು ಬಾಗಿಲ ಮರೆಯಲ್ಲಿ ನಿಂತು ವಾದಿಸಿ ಗೆದ್ದೆ. ಕೈಯಲ್ಲಿ ಅವರ ಒಂದು ಕಾಗದವೂ ಇರಲಿಲ್ಲ. ಅವರನ್ನು ಕಂಡೆನೆಂದು ಹೇಳುವ ಒಬ್ಬ ಸಾಕ್ಷಿಯೂ ಇರಲಿಲ್ಲ. ಇದ್ದದ್ದು ನನ್ನ ಜಾತಕದ ಹನ್ನೆರಡು ಮನೆಗಳು ಮಾತ್ರ.

ಪೊಲೀಸ್ ಕಾರ್ಯಾಚರಣೆಯಾದ ಮರುವರ್ಷದ ಚೈತ್ರ ಅದು. ನನಗೆ ಇಪ್ಪತ್ತೆಂಟು. ಗಂಡ ಸೂರ್ಯಕಾಂತರಾಯರು ಹತ್ತಿಯ ದಲಾಲರೊಬ್ಬರ ಹತ್ತಿರ ಗುಮಾಸ್ತರಾಗಿದ್ದರು. ಅದರ ಹಿಂದಿನ ವರ್ಷ, ನಿಜಾಮನ ಕಡೆಯ ರಜಾಕಾರರ ಹಾವಳಿ ಏರಿದ್ದಾಗ, ಮಾಘ ಮಾಸದಲ್ಲಿ, ಅನೇಕರು ಗಡಿ ದಾಟಿ ಸೊಲ್ಲಾಪುರದ ಕಡೆ ಹೋಗುತ್ತಿದ್ದರು. ಇವರೂ ಒಂದು ಟ್ರಂಕು ಹಿಡಿದು ರೈಲು ಹತ್ತಿದರು. "ಹದಿನೈದು ದಿನದಾಗ ನಿಮ್ಮನ್ನೂ ಕರಸ್ಕೋತೀನಿ" ಎಂದು ಹೇಳಿ ಹೋದವರು ಕರೆಸಲಿಲ್ಲ. ಭಾದ್ರಪದದಲ್ಲಿ ಫೌಜು ಬಂತು. ಐದು ದಿನದಲ್ಲಿ ನಿಜಾಮನ ರಾಜ್ಯ ಮುಗಿಯಿತು. ಗಡಿ ದಾಟಿದವರೆಲ್ಲ ಗಂಟುಮೂಟೆ ಹೊತ್ತು ಕಲಬುರಗಿಗೆ ಹಿಂದಿರುಗಿದರು. ಗಾಜಿಪುರದ ನಮ್ಮ ಓಣಿಯಲ್ಲೇ ನಾಲ್ಕು ಮನೆಯವರು ಬಂದರು. ಇವರು ಬರಲಿಲ್ಲ.

ಮನೆ ಇವರ ಹೆಸರಿನಲ್ಲಿತ್ತು. ಮೈದುನ ತುಕಾರಾಮನಿಗೆ ಅದೇ ಚಿಂತೆ. ಕಾಣೆಯಾದವನಿಗಾಗಿ ಹನ್ನೆರಡು ವರ್ಷ ಕಾಯಬೇಕೆಂದು ಶಾಸ್ತ್ರ. ಸಾವು ಖಾತ್ರಿಯಾದರೆ ಮಾತ್ರ ಕಾಯಬೇಕಿಲ್ಲ. ಮುತ್ತುಗದ ಎಲೆಯಲ್ಲಿ ಆಕಾರ ಮಾಡಿ ಸುಟ್ಟು ಕ್ರಿಯೆ ಮುಗಿಸಬಹುದು. ಆ ಖಾತ್ರಿಗೋಸ್ಕರ ತುಕಾರಾಮ ಊರಿನ ಹಿರಿಯರಾದ ರಾಮಣ್ಣ ಜೋಶಿಯವರನ್ನು ಕರೆತಂದಿದ್ದ. ಕ್ರಿಯೆಯ ಹತ್ತನೆಯ ದಿನ ನನ್ನ ಕಡೆಗೆ ಕ್ಷೌರಿಕ ಬರುತ್ತಾನೆ, ಆಮೇಲೆ ಕೆಂಪು ಸೀರೆ, ಅಡಿಗೆಮನೆಯ ಹಿಂದಿನ ಕತ್ತಲೆ ಕೋಣೆ. ಇದನ್ನು ಯಾರೂ ಬಾಯಿ ಬಿಟ್ಟು ಹೇಳಿರಲಿಲ್ಲ. ಹೇಳಬೇಕಾಗಿರಲಿಲ್ಲ. ಅತ್ತೆ ಪುತಳಾಬಾಯಿ ಬೋಳುತಲೆಯ ಮೇಲೆ ಅದೇ ಕೆಂಪು ಸೆರಗು ಹೊದ್ದು ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದರು.

ಇವರ ಜಾತಕ ಮನೆಯಲ್ಲಿರಲಿಲ್ಲ. ಅದು ಟ್ರಂಕಿನಲ್ಲೇ ಹೋಗಿತ್ತು. ಅತ್ತೆಗೆ ಮಗ ಹುಟ್ಟಿದ ಹೊತ್ತು ಕೇಳಿದರೆ "ಎಮ್ಮಿ ಹಿಂಡೂ ಹೊತ್ತು" ಎನ್ನುತ್ತಿದ್ದರು. ಎಮ್ಮೆ ಹಿಂಡುವ ಹೊತ್ತಿನಿಂದ ಜಾತಕದ ಮೊದಲ ಮನೆಯಾದ ಲಗ್ನ ಕಟ್ಟಲಾಗುವುದಿಲ್ಲ. ಆದ್ದರಿಂದ ಹೆಂಡತಿಯ ಜಾತಕದಲ್ಲಿ ಗಂಡನನ್ನು ನೋಡಬೇಕಾಯಿತು.

ಜೋಶಿಯವರು ಹಲಗೆಯ ಮೇಲೆ ಸೀಮೆಸುಣ್ಣದಿಂದ ನನ್ನ ಕುಂಡಲಿ ಬರೆದರು. ಕರ್ಕ ಲಗ್ನ. ಅಲ್ಲಿಂದ ಏಳನೆಯದು ಮಕರ, ಗಂಡನ ಮನೆ. ಎಂಟನೆಯದು ಕುಂಭ. ಅದರಲ್ಲಿ ಕುಜ, ಅಂದರೆ ಮಂಗಳ.

"ಇನ್ನ ನೋಡೂದೇನದ ಪುತಳಾಬಾಯಿ?" ಎಂದರು. "ಹೆಣ್ಣಿನ ಜಾತಕದಾಗ ಎಂಟು ಅಂದ್ರ ಮಾಂಗಲ್ಯಸ್ಥಾನ. ಅಲ್ಲಿ ಮಂಗಳ ಬಂದು ಕುಂತಾನ. ಲಗ್ನ ಆಗಿ ಒಂಬತ್ತು ವರ್ಷ ತಡದದ್ದೇ ಹೆಚ್ಚು."

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ತುಕಾರಾಮ ಕೇಳಿದ: "ಹಂಗಾದ್ರ ಖಾತ್ರಿ ಅಂತೀರೇನ್ರಿ?"

"ಬರದು ಕೊಡ್ಲೇನು?"

ನಾನು ಒಳಬಾಗಿಲ ಹಿಂದಿದ್ದೆ. ಕೈಯಲ್ಲಿ ಜೋಶಿಯವರಿಗೆಂದು ತಂದ ಮಜ್ಜಿಗೆಯ ತಂಬಿಗೆ. ಬಾಯಿ ತಾನಾಗಿ ತೆರೆಯಿತು. "ಅತ್ತೀ, ಜೋಶಿಯವರಿಗೆ ಕೇಳ್ರಿ. ಎಂಟನೇ ಮನಿ ಏಳರಿಂದ ಎಷ್ಟನೇದು?"

ಅತ್ತೆ ತಬ್ಬಿಬ್ಬಾಗಿ, ಜೋಶಿಯವರು ಒಂದು ಮಾರು ದೂರದಲ್ಲಿದ್ದರೂ, "ಎಷ್ಟನೇದು ಅಂತ ಕೇಳ್ತಾಳ್ರಿ" ಎಂದರು.

"ಕೇಳಸ್ತದ ನನಗ. ಏಳರ ಮುಂದ ಎಂಟು. ಕೂಸಿಗೂ ಗೊತ್ತು."

"ಏಳನ್ನ ಒಂದು ಅಂತ ಹಿಡದ್ರ?"

ಹಲಗೆಯ ಕಡೆ ಬಗ್ಗಿ ಅವರು "ಎರಡು" ಎಂದರು.

"ಎರಡು ಅಂದ್ರ ಧನಸ್ಥಾನ. ಏಳನೇದು ಅವರಾದ್ರ ಎಂಟನೇದು ಅವರ ರೊಕ್ಕ. ಮಂಗಳ ಅವರ ರೊಕ್ಕದ ಮ್ಯಾಲ ಕುಂತಾನ್ರಿ. ಅರಿವಿ ಅಂಗಡ್ಯಾಗ ಹಾಕಿದ ಪಾಲು ಗಲಾಟ್ಯಾಗ ಸುಟ್ಟು ಬೂದಿ ಆತಲ್ಲ, ಅದೇ ಅವನ ಫಲ. ಅದು ಆಗಿ ಹೋತು."

ಅಲ್ಲಿ ಕೂತಿದ್ದ ಓಣಿಯ ಹಿರಿಯರು ತಿರುಗಿ ಬಾಗಿಲ ಕಡೆ ನೋಡಿದರು. ಜೋಶಿಯವರಿಗೆ ಈಗ ರುಚಿ ಹತ್ತಿತು. "ಎರಡನೇದು ಬರೇ ಧನ ಅಲ್ಲವಾ ತಂಗಿ, ಮಾರಕನೂ ಹೌದು. ಗಂಡನಿಂದ ಎರಡನೇ ಮನಿ ಗಂಡಗ ಮಾರಕ. ಇದು ನಿನಗ ಕಲಿಸಿದವರು ಹೇಳಲಿಲ್ಲೇನು?"

"ಹೇಳ್ಯಾರ. ಆಯುಷ್ಯ ತೀರಿದ ಮ್ಯಾಲ ಮಾರಕನ ಕೈ ನಡೀತದ, ಅಲ್ಲೀತನಕ ಅವ ಬರೇ ಕಾಟ ಕೊಡ್ತಾನ ಅಂತನೂ ಕಮಲಾಪುರದ ನಮ್ಮಪ್ಪ ಹೇಳ್ಯಾರ. ಮೊದಲ ಆಯುಷ್ಯ ನೋಡ್ರಿ. ಆಯುಷ್ಯ ಎಂಟರಾಗ. ಅವರಿಂದ ಎಂಟು ಎಣಿಸ್ರಿ, ನನ್ನಿಂದ ಅಲ್ಲ."

ಅವರು ಬೆರಳಿಟ್ಟು ಎಣಿಸಿದರು. ಮಕರ ಒಂದು, ಕುಂಭ ಎರಡು, ಮೀನ ಮೂರು, ಮೇಷ ನಾಲ್ಕು, ವೃಷಭ ಐದು, ಮಿಥುನ ಆರು, ಕರ್ಕ ಏಳು, ಸಿಂಹ ಎಂಟು. ಸಿಂಹ ಎಂದರೆ ನನ್ನ ಲಗ್ನದಿಂದ ಎರಡನೆಯ ಮನೆ. ಅಲ್ಲಿ ಗುರು, ಶನಿ ಇಬ್ಬರೂ ಇದ್ದರು.

"ಗಂಡನ ಆಯುಷ್ಯದ ಮನ್ಯಾಗ ಗುರು," ಎಂದೆ. "ಆಯುಷ್ಯಕ್ಕ ಕಾರಕ ಶನಿ, ಅವನೂ ಅಲ್ಲೇ. ಆ ಮನಿ ಒಡೆಯ ರವಿ ಮೇಷದಾಗ ಉಚ್ಚ ಆಗ್ಯಾನ, ಅವನ ಮ್ಯಾಲ ಗುರುವಿನ ಒಂಬತ್ತನೇ ದೃಷ್ಟಿ ಅದ. ಇಷ್ಟು ಇದ್ದವ ಮೂವತ್ನಾಲ್ಕಕ್ಕ ಹೆಂಗ ಸಾಯ್ತಾನ್ರಿ?"

"ಶನಿ ಮಕರಕ್ಕ ಒಡೆಯ. ಅಂದ್ರ ನಿನ್ನ ಗಂಡನೇ ಅವ. ತನ್ನಿಂದ ಎಂಟಕ್ಕ ಹೋಗಿ ಬಿದ್ದಾನ. ಅದಕ್ಕೇನಂತಿ?"

"ಎಂಟು ಮರೆಯ ಮನಿ. ಅವರು ಮರೆಯಾಗಿದಾರ. ಸತ್ತಿಲ್ಲ."

ರಾಮಣ್ಣ ಜೋಶಿ ಕೈಯ ಸುಣ್ಣ ಕೊಡವಿ ನಕ್ಕುಬಿಟ್ಟರು. "ಕಮಲಾಪುರದ ಹಣಮಂತರಾಯನ ಮಗಳು ಅಂತ ಮೊದಲೇ ಹೇಳಬಾರದೇನಪಾ ತುಕಾರಾಮ? ನಾ ಖಾತ್ರಿ ಬರದು ಕೊಡಲಾರೆ. ಹನ್ನೆರಡು ವರ್ಷ ಕಾಯ್ರಿ." ಮಜ್ಜಿಗೆ ಕುಡಿದು, ದಕ್ಷಿಣೆ ಮುಟ್ಟದೆ ಎದ್ದುಹೋದರು.

ತುಕಾರಾಮ ಅವರನ್ನು ಕಳಿಸಿ ಬಂದು ಒಳಬಾಗಿಲ ಮುಂದೆ ನಿಂತ. "ವೈನಿ, ನೀವು ಈ ಒಲಿ ಮುಂದ ಯಾಕ ಕುಂತೀರಿ? ಕರಿ ಕೋಟು ಹಾಕ್ಕೊಂಡು ಹೈದರಾಬಾದ ಹೈಕೋರ್ಟಿಗೆ ಹೋಗ್ರಿ."

ಆ ದಿನ ನಾನು ಗೆದ್ದೆನೆಂದು ತಿಳಿದೆ. ಸುಳ್ಳೇಕೆ ಹೇಳಲಿ, ಗೆದ್ದದ್ದು ಪ್ರೀತಿಯಿಂದಲ್ಲ. ಒಂಬತ್ತು ವರ್ಷದ ಸಂಸಾರದಲ್ಲಿ ನಮ್ಮಿಬ್ಬರ ನಡುವೆ ನೆನಪಿಟ್ಟುಕೊಳ್ಳುವಂಥ ಮಾತು ಎಷ್ಟಿದ್ದವು? ಉಪ್ಪು ಹೆಚ್ಚಾಯಿತು, ಅಂಗಿಗೆ ಗುಂಡಿ ಇಲ್ಲ, ಈ ತಿಂಗಳೂ ಹೊರಗಾದೆಯಾ. ನನಗೆ ಅವರು ಬೇಕಾಗಿರಲಿಲ್ಲ, ಅವರು ಬದುಕಿರುವುದು ಬೇಕಾಗಿತ್ತು. ಸಂಜೆ ತಲೆ ಬಾಚಿಕೊಳ್ಳುವಾಗ ಕೂದಲನ್ನು ಕೈಯಲ್ಲಿ ಹಿಡಿದು ತೂಗಿ ನೋಡಿದೆ. ಮೊಣಕಾಲಿಗೆ ಬರುವ ಕೂದಲು, ಭಾರವಿತ್ತು.

ಈ ವಿದ್ಯೆಯನ್ನು ನನಗೆ ಯಾರೂ ಕೂಡಿಸಿ ಕಲಿಸಲಿಲ್ಲ. ಕಮಲಾಪುರದಲ್ಲಿ ಅಪ್ಪನ ಹತ್ತಿರ ಜಾತಕ ತೋರಿಸಲು ಬಂದವರ ಮುಂದೆ ಹನ್ನೆರಡು ಮನೆ ಬರೆದು ಹುಣಸೆ ಬೀಜ ಇಡುವುದು ನನ್ನ ಕೆಲಸವಾಗಿತ್ತು. ಅಣ್ಣ ತಮ್ಮ ಯಾರೂ ಇರಲಿಲ್ಲ. ಅಪ್ಪ ಹೇಳುತ್ತಿದ್ದದ್ದು ಕಿವಿಗೆ ಬೀಳುತ್ತಿತ್ತು: ಒಂದು ಜಾತಕ ಒಬ್ಬರದಲ್ಲ, ಅದರೊಳಗೆ ಮನೆಯವರೆಲ್ಲ ಇರುತ್ತಾರೆ. ಯಾರನ್ನು ನೋಡಬೇಕೋ ಅವರ ಮನೆಯನ್ನೇ ಲಗ್ನ ಮಾಡಿಕೊ. ಅವ್ವ ನಾಲ್ಕನೆಯದಾದರೆ, ಅವ್ವನ ಅಣ್ಣತಮ್ಮಂದಿರು ನಾಲ್ಕರಿಂದ ಮೂರು, ಅಂದರೆ ಆರು. ಅದಕ್ಕೇ ಸೋದರಮಾವನನ್ನು ಆರರಲ್ಲಿ ನೋಡುತ್ತಾರೆ. ಮೊದಮೊದಲು ನಾನು ನಾಲ್ಕನ್ನು ಬಿಟ್ಟು ಐದರಿಂದ ಎಣಿಕೆ ಶುರುಮಾಡಿ ಏಳಕ್ಕೆ ಬಂದು ನಿಲ್ಲುತ್ತಿದ್ದೆ. ಅಪ್ಪ ಬೆರಳ ಗಂಟಿನ ಮೇಲೆ ಟಕ್ಕನೆ ಹೊಡೆಯುತ್ತಿದ್ದರು. "ನಿಂತ ಮನಿನ ಒಂದು. ನೀ ನಿಂತ ಜಾಗ ಬಿಟ್ಟು ಎಣಿಸಿದ್ರ ಮಾವನ ಜಾಗದಾಗ ಗಂಡ ಬಂದು ಕೂಡ್ತಾನ, ನೋಡು!" ಬಂದವರು ನಗುತ್ತಿದ್ದರು.

ನನ್ನ ಮದುವೆಯ ಮಾತು ಬಂದಾಗ ಎಂಟರ ಕುಜನಿಗೆ ಹೆದರಿ ಎರಡು ಸಂಬಂಧ ತಪ್ಪಿದವು. ಕರ್ಕ ಲಗ್ನಕ್ಕೆ ಕುಜ ಯೋಗಕಾರಕ, ಅವನಿಗೆ ದೋಷವಿಲ್ಲ ಎಂದು ಅಪ್ಪ ಗಾಜಿಪುರದವರನ್ನು ಒಪ್ಪಿಸಿದರು. ಹನ್ನೊಂದನೆಯ ಮನೆಯನ್ನು ಬೆರಳಿಟ್ಟು ತೋರಿಸಿದರು. ವೃಷಭದಲ್ಲಿ ಸ್ವಂತ ಮನೆಯ ಶುಕ್ರ. "ಲಾಭದಾಗ ಶುಕ್ರ ನೋಡ್ರಿ. ನನ್ನ ಮಗಳು ಬಂಗಾರದಾಗ ತೂಗ್ತಾಳ."

ಜೋಶಿಯವರು ಹೋದಮೇಲೆ ಹತ್ತಿರ ಹತ್ತಿರ ಮೂರು ವರ್ಷ ನಾನು ಆ ಮನೆಯಲ್ಲಿ ಕುಂಕುಮವಿಟ್ಟುಕೊಂಡು, ಹೂ ಮುಡಿದು, ಎಲ್ಲರ ನಾಲಿಗೆಗೆ ಸಿಕ್ಕು ಬದುಕಿದೆ. ಓಣಿಯಲ್ಲಿ ನನ್ನ ಜೊತೆ ಮಾತಾಡುತ್ತಿದ್ದವಳು ಪಕ್ಕದ ಗೋಡೆಯ ಇಮಾಮಬಿ ಒಬ್ಬಳೇ. ಅವಳ ಗಂಡ ಖಾಜಾ ಟಾಂಗಾ ಹೊಡೆಯುತ್ತಿದ್ದ. ಇವರು ಸೊಲ್ಲಾಪುರಕ್ಕೆ ಹೋದಮೇಲೆ, ಆ ಬೇಸಗೆಯ ತಿಂಗಳುಗಳಲ್ಲಿ, ಖಾಜಾ ನಮ್ಮ ಹೊಸ್ತಿಲಿಗೆ ಅಡ್ಡ ಮಂಚ ಹಾಕಿ ಮಲಗುತ್ತಿದ್ದ. ರಜಾಕಾರರ ಗುಂಪು ಓಣಿಗೆ ಬಂದರೆ "ಯೇ ಘರ್ ಮೇರಾ ಹೈ" ಎನ್ನುತ್ತಿದ್ದ. ಫೌಜು ಬಂದ ವಾರದಲ್ಲಿ, ಮುಸಲ್ಮಾನರನ್ನು ಹುಡುಕುತ್ತ ಬೇರೆಯ ಗುಂಪುಗಳು ತಿರುಗುತ್ತಿದ್ದಾಗ, ಕುದುರೆಗೆ ಹುಲ್ಲು ತರಲು ಹೋದ ಖಾಜಾ ತಿರುಗಿ ಬರಲಿಲ್ಲ. ಆಗ ಅವನ ಹೊಸ್ತಿಲಿಗೆ ಅಡ್ಡ ಮಲಗಲು ನಮ್ಮ ಮನೆಯಲ್ಲಿ ಯಾರೂ ಇರಲಿಲ್ಲ. ಇದ್ದ ತುಕಾರಾಮ ಅಗಳಿ ಹಾಕಿಕೊಂಡಿದ್ದ.

ನಾನು ವಾದ ಗೆದ್ದ ಸುದ್ದಿ ಕೇಳಿ ಇಮಾಮಬಿ ಬಂದಿದ್ದಳು. "ನಮ್ಮವ್ರುದು ಬೀ ಒಂದು ಎಣಿಸಿ ನೋಡು ಬಾಯಿ." ಅವಳಿಗೆ ಹುಟ್ಟಿದ ವರ್ಷವೂ ಗೊತ್ತಿರಲಿಲ್ಲ. ಆಗುವುದಿಲ್ಲ ಎಂದೆ. "ಹೋಗ್ಲಿ ಬಿಡು. ನಿಮಗಾದ್ರೆ ಹನ್ನೆರಡು ಮನಿ ಅವೆ. ನಮ್ದು ಇದ್ದದ್ದೇ ಒಂದು."

ಅದೇ ಇಮಾಮಬಿ ಮರುವರ್ಷ ಸೊಲ್ಲಾಪುರದ ತಂಗಿಯ ಮನೆಗೆ ಹೋಗಿ ತಿಂಗಳಿದ್ದು ಬಂದಳು. ಬಂದ ದಿನ ಅಲ್ಲ, ಮೂರನೆಯ ದಿನ ಹಿತ್ತಲ ಗೋಡೆಯ ಹತ್ತಿರ ಕರೆದಳು. ಬಹಳ ಹೊತ್ತು ಸೆರಗಿನ ಅಂಚು ತಿರುವುತ್ತ ನಿಂತಳು.

"ಬಾಯಿ, ನಾ ಹೇಳಿದೆ ಅಂತ ಯಾರ್ಗೂ ಹೇಳಬ್ಯಾಡ. ನಿಮ್ಮವರನ್ನ ನೋಡ್ದೆ."

"ಎಲ್ಲಿ?"

"ಮಿಲ್ಲಿನ ಚಾಳಿನಾಗೆ. ನಳದ ಹತ್ರ ಕೊಡ ಹಿಡಕೊಂಡು ನಿಂತಿದ್ರು. ನನ್ನ ನೋಡಿ ಮುಖ ಆ ಕಡೆ ಮಾಡಿದ್ರು. ಕಂಕುಳಾಗೆ ಕೂಸು ಇತ್ತು. ಗಂಡು. ಅವರ ಮೂಗೇ, ಬಾಯಿ." ಆಮೇಲೆ ಇನ್ನೂ ಸಣ್ಣ ದನಿಯಲ್ಲಿ ಹೇಳಿದಳು: "ಮನಿಯೊಳಗಿಂದ ಒಬ್ಬಾಕಿ ಕರೆದ್ಲು. ಹೋದ್ರು."

ಮತ್ತೇನಾದರೂ ತಿಳಿಯಿತೇ ಎಂದು ಕೇಳಿದೆ. ಇಲ್ಲ ಎಂದು ತಲೆಯಾಡಿಸಿ ಒಳಗೆ ಹೋದಳು.

ನಾನು ಅಳಲಿಲ್ಲ. ಜೋಳ ಹಸನು ಮಾಡಲು ಕೂತೆ. ಮೊರದಲ್ಲಿ ಕಾಳು ಆಡುತ್ತಿದ್ದಂತೆ ತಲೆಯೊಳಗೆ ಎಣಿಕೆ ತಾನಾಗಿ ಶುರುವಾಯಿತು. ಮಕರ ಒಂದು, ಕುಂಭ ಎರಡು, ಮೀನ ಮೂರು, ಮೇಷ ನಾಲ್ಕು, ವೃಷಭ ಐದು.

ಐದು ಸಂತಾನ. ಗಂಡನಿಂದ ಐದನೆಯ ಮನೆ ಗಂಡನ ಮಕ್ಕಳು. ಅದು ನನ್ನ ಹನ್ನೊಂದನೆಯ ಮನೆ. ಅಲ್ಲಿ ಆ ಮನೆಗೇ ಒಡೆಯನಾದ ಶುಕ್ರ. ಮಕರಕ್ಕೆ ಶುಕ್ರನಷ್ಟು ಒಳ್ಳೆಯವನು ಬೇರೊಬ್ಬನಿಲ್ಲ. ಇನ್ನು ನನ್ನ ಮಕ್ಕಳನ್ನು ನನ್ನಿಂದ ಐದರಲ್ಲಿ ನೋಡಬೇಕು: ವೃಶ್ಚಿಕ. ಅದರ ಒಡೆಯ ಕುಜ, ಎಂಟಕ್ಕೆ ಹೋಗಿ ಕೆಟ್ಟವನು. ಅವರಿಗೆ ಸಂತಾನವಿದೆ, ನನಗಿಲ್ಲ. ಇದಕ್ಕಿಂತ ಸರಳವಾದ ಫಲ ಉಂಟೇ? ಅಪ್ಪನ ಮುಂದೆ ಹುಣಸೆ ಬೀಜ ಇಡುತ್ತಿದ್ದ ಎಂಟು ವರ್ಷದ ಹುಡುಗಿಯೂ ಹೇಳುತ್ತಿದ್ದಳು. ಆ ದಿನ ಹಲಗೆಯ ಮೇಲೆ ಜೋಶಿಯವರ ಬೆರಳು ವೃಷಭವನ್ನು ದಾಟಿಕೊಂಡೇ ಸಿಂಹಕ್ಕೆ ಹೋಗಿತ್ತು. ಯಾರೂ ಅಲ್ಲಿ ನಿಲ್ಲಲಿಲ್ಲ. ನಾನು ನನಗೆ ಬೇಕಾದ ಎರಡು, ಬೇಕಾದ ಎಂಟು ಇಷ್ಟನ್ನೇ ಎಣಿಸಿ ಎಣಿಕೆ ನಿಲ್ಲಿಸಿದ್ದೆ. ಗಡಿ ದಾಟಿ ಓಡುವ ಮನುಷ್ಯ ಜಾತಕವನ್ನು ಯಾಕೆ ಒಯ್ಯುತ್ತಾನೆ ಎಂದೂ ಕೇಳಿಕೊಂಡಿರಲಿಲ್ಲ.

ಮರುದಿನ ಅಪ್ಪನಿಗೆ ಹುಷಾರಿಲ್ಲವೆಂದು ಸುಳ್ಳು ಹೇಳಿ ಕಮಲಾಪುರದ ಬಸ್ಸು ಹತ್ತಿದೆ.

ಅಪ್ಪ ಕಟ್ಟೆಯ ಮೇಲೆ ಕೂತು ಪಂಚಾಂಗ ನೋಡುತ್ತಿದ್ದರು. ಕಣ್ಣು ಮಂದವಾಗಿ ಹಾಳೆಯನ್ನು ಮೂಗಿಗೆ ಹಿಡಿದಿದ್ದರು. ಯಾರೋ ಕೊಟ್ಟ ಕೆಂಪು ಬಾಳೆಯ ಚಿಪ್ಪು ಪಕ್ಕದಲ್ಲಿತ್ತು. "ಬಾರವಾ. ಒಂದು ತಿನ್ನು" ಎಂದರು. ನಾನು ಕೂಡದೆ ಕೇಳಿದೆ.

"ಅಪ್ಪಾ, ಏಳರಿಂದ ಐದು ಯಾವುದು?"

ಅವರು ಪಂಚಾಂಗ ಕೆಳಗಿಟ್ಟರು. ಎಣಿಸಲಿಲ್ಲ. ಎಣಿಸದೇ ಇದ್ದದ್ದರಲ್ಲೇ ನನಗೆ ಉತ್ತರ ಸಿಕ್ಕಿತು.

"ನಿಮಗ ಕಂಡಿತ್ತು."

"ಕಂಡಿತ್ತು."

"ಲಾಭ ಅಂದ್ರಿ. ಬಂಗಾರ ಅಂದ್ರಿ."

"ಹನ್ನೊಂದು ಲಾಭನೂ ಹೌದಲ್ಲವಾ. ಸುಳ್ಳು ಹೇಳಲಿಲ್ಲ. ಒಂದು ಮನಿಗಿ ಹತ್ತು ಅರ್ಥ. ಅಪ್ಪ ಆದವ ಅದರೊಳಗ ಒಂದು ಆರಿಸ್ಕೋತಾನ." ಪಂಚಾಂಗದ ಹಾಳೆ ಮುಚ್ಚುತ್ತ ಅಂದರು: "ಎರಡು ಸಂಬಂಧ ತಪ್ಪಿದ್ದವು. ಇದನ್ನೂ ಹೇಳಿದ್ರ ನಿನ್ನ ಯಾರು ಮಾಡ್ಕೋತಿದ್ರು?"

"ಯಾರೂ ಮಾಡ್ಕೋತಿರಲಿಲ್ಲ. ಇಲ್ಲೇ ಇರ್ತಿದ್ದೆ."

"ಮಂದಿ ಏನಂತಿದ್ರು?"

ಮಧ್ಯಾಹ್ನದ ಬಸ್ಸಿಗೆ ತಿರುಗಿ ಬಂದೆ. ಅಪ್ಪ ಬಾಳೆಯ ಚಿಪ್ಪನ್ನು ಚೀಲಕ್ಕೆ ಹಾಕಿದ್ದರು. ಬೇಡವೆನ್ನಲಾಗಲಿಲ್ಲ.

ನಾನು ಸುಮ್ಮನಿರಬಹುದಿತ್ತು. ಒಂದು ವರ್ಷ ಇದ್ದೆ ಕೂಡ. ಅತ್ತೆ ಹಾಸಿಗೆ ಹಿಡಿದಮೇಲೆ ದಿನಾ ಅದೇ ಮಾತು: "ಶಾರದಾ, ನನ್ನ ಸೂರ್ಯಾ ಬರ್ತಾನೇನು? ಎಣಿಸಿ ನೋಡು." ಅವರ ಬೆನ್ನು ಒರೆಸುತ್ತಿದ್ದ ಒಂದು ಬೆಳಿಗ್ಗೆ ನನಗೆ ಸಾಕಾಯಿತು. ಅವರ ಕೈ ತೆಗೆದುಕೊಂಡು ಬೆರಳ ಗೆಣ್ಣುಗಳ ಮೇಲೆ ಮಕರದಿಂದ ವೃಷಭದವರೆಗೆ ಎಣಿಸಿದೆ. "ಅವರು ಸೊಲ್ಲಾಪುರದಾಗಿದಾರ ಅತ್ತೀ. ಅವರಿಗೆ ಗಂಡುಕೂಸು ಅದ" ಎಂದೆ.

ಎಷ್ಟೋ ತಿಂಗಳಿಂದ ತಾವಾಗಿ ಏಳದವರು ಎದ್ದು ಕೂತರು. ಆ ಬೋಳುತಲೆಯ ಮುಖ ಅಷ್ಟು ಬೆಳಗಿದ್ದನ್ನು ನಾನು ಕಂಡಿರಲಿಲ್ಲ. "ವಂಶ ಉಳೀತು" ಎಂದು ಗೋಡೆಗೆ ಕೈಮುಗಿದರು. ಆಮೇಲೆ ನನ್ನ ಕಡೆ ತಿರುಗಿ, ಬೈಯುವ ದನಿಯಲ್ಲೂ ಅಲ್ಲ, ಅಕ್ಕಿಯ ಕಲ್ಲು ಆರಿಸಿದಂತೆ ಹೇಳಿದರು: "ಹಂಗಾದ್ರ ಕೊರತಿ ನಿನ್ನ ಹೊಟ್ಟ್ಯಾಗೇ ಇತ್ತು."

ತುಕಾರಾಮ ಬಾಗಿಲಲ್ಲಿ ನಿಂತು ಕೇಳಿದ್ದ. "ಅಲ್ರೀ ವೈನಿ, ಸೊಲ್ಲಾಪುರ ಯಾವ ಮನ್ಯಾಗ ಬರದದ? ಓಣಿ ಹೆಸರೂ ಕಾಣಸ್ತದೇನು?"

ಆದರೂ ಹೋದ. ಹತ್ತು ದಿನ ಹುಡುಕಿ ಅಣ್ಣನನ್ನು ಕರೆದುಕೊಂಡು ಬಂದ.

ನಾಲ್ಕು ವರ್ಷಕ್ಕೆ ಇವರು ಸೊರಗಿದ್ದರು. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ಅವ್ವನ ಹಾಸಿಗೆಯ ಪಕ್ಕ ಕೂತು ಇಬ್ಬರೂ ಅತ್ತರು. ನಾನು ಚಹಾ ಮಾಡಿ ಇಟ್ಟೆ. ಅವರು ಬಟ್ಟಲು ತೆಗೆದುಕೊಂಡು, ನನ್ನ ಕಾಲಿನ ಕಡೆ ನೋಡುತ್ತ, "ಆರಾಮಿದ್ದೀ?" ಎಂದರು. ಹ್ಞೂಂ ಎಂದೆ.

ವಿಷಯ ಹೊರಬಿದ್ದದ್ದು ಊಟವಾದಮೇಲೆ. ಮಿಲ್ಲು ಮುಚ್ಚಿದೆ. ಕೂಸಿಗೆ ಮೈ ನೆಟ್ಟಗಿಲ್ಲ. ಅಲ್ಲೊಂದು ಕಿರಾಣಿ ಅಂಗಡಿ ಸಿಗುವ ಹಾಗಿದೆ. ಇವರ ಕೈಗೆ ಬಂದ ದುಡ್ಡೆಲ್ಲ ಒಂದಲ್ಲ ಒಂದು ದಾರಿಯಲ್ಲಿ ಹೋಗಿದೆ. ಕುಂಭದ ಕುಜ ತನ್ನ ಕೆಲಸವನ್ನು ಇನ್ನೂ ಮಾಡುತ್ತಿದ್ದ. ನನ್ನ ತವರಿನ ಬಂಗಾರವಿತ್ತು: ಪಾಟಲಿ, ಬಿಲವಾರ, ಎರಡೆಳೆಯ ಸರ. ತುಕಾರಾಮ ಗಂಟಲು ಸರಿಮಾಡಿಕೊಂಡ.

"ವೈನಿ, ನೀವೇ ಹೇಳಿದ ಲೆಕ್ಕರೀ. ಅಣ್ಣನ ಆಯುಷ್ಯ ನಿಮ್ಮ ಎರಡನೇ ಮನ್ಯಾಗ ಅದ ಅಂದ್ರಿ. ಎರಡನೇ ಮನಿ ಅಂದ್ರ ನಿಮ್ಮ ಬಂಗಾರನೂ ಹೌದಲ್ಲ? ಅಣ್ಣನಿಂದ ಏಳು ನೀವು, ಹೆಂಡತಿ ರೊಕ್ಕ ಗಂಡಗ ಎಂಟನೇದು. ಏಳರಿಂದ ಎರಡು."

ಲೆಕ್ಕ ಸರಿಯಾಗಿತ್ತು. ನನ್ನಿಂದ ಎಂಟನೆಯದು ಅವರ ಹಣ, ಅವರಿಂದ ಎಂಟನೆಯದು ನನ್ನ ಹಣ. ಬಾಗಿಲ ಮರೆಯಿಂದ ನಾನು ಕಲಿಸಿದ್ದನ್ನು ಅವನು ಚೆನ್ನಾಗಿ ಕಲಿತಿದ್ದ.

"ಕೊಡು ಶಾರದಾ," ಅತ್ತೆ ಹಾಸಿಗೆಯಿಂದ ಹೇಳಿದರು. "ನೀ ಮುತ್ತೈದಿ ಆಗಿ ಉಳದೀ. ಇನ್ನೇನ ಬೇಕು? ಅಕಿನೂ ಕೂಸೂ ಇಲ್ಲಿಗೇ ಬರಲಿ. ನೀ ಹಿರ್ಯಾಕಿ ಆಗಿ ಇರು."

ನಾನು ಕೊಡುವವಳೇ ಇದ್ದೆ. ಹಿರಿಯವಳಾಗಿ ಒಂದು ಮೂಲೆಯಲ್ಲಿ ಇರುವುದು ಬೋಳುತಲೆಗಿಂತ ಲೇಸೆಂದು ಮನಸ್ಸು ಆಗಲೇ ಲೆಕ್ಕ ಹಾಕಿತ್ತು. ಒಳಗಿನಿಂದ ಗಂಟು ತಂದು ಮುಂದಿಟ್ಟೆ. ಇವರ ಮುಖದಲ್ಲಿ ಹಗುರ ಕಂಡಿತು. ಸುಮ್ಮನೆ ಒಂದು ಮಾತು ಕೇಳಿದೆ. ಅದರಲ್ಲಿ ಯಾವ ಕುಹಕವೂ ಇರಲಿಲ್ಲ. ಬರುವವಳ ಜೊತೆ ಬಾಳಬೇಕಲ್ಲ ಎಂದು ಕೇಳಿದ್ದು.

"ಅಕಿಗೆ ನನ್ನ ಬಗ್ಗೆ ಏನಂತ ಹೇಳೀರಿ?"

ಇವರು ತುಕಾರಾಮನ ಕಡೆ ನೋಡಿದರು. ಅವನು ಸೂರಿನ ಕಡೆ ನೋಡಿದ.

"ಹೇಳ್ರಲಾ."

"ಆಗಿನ ಟೈಮೇ ಹಂಗಿತ್ತು... ಅಕಿ ಅಪ್ಪ ಎರಡನೇ ಸಂಬಂಧಕ್ಕ 'ಮೊದಲ್ನೇಕಿ ಇಲ್ಲಂದ್ರ ಮಾತ್ರ ಕೊಡ್ತೀನಿ' ಅಂದ. ನಿರಾಶ್ರಿತರ ಕ್ಯಾಂಪಿನ್ಯಾಗ ಎಲ್ಲಾರೂ ಒಂದೊಂದು ಹೇಳ್ಕೊಂಡು ಅಳ್ತಿದ್ರು. ನಾನೂ..."

"ನೀವೂ?"

"ರಜಾಕಾರರು ನಿನ್ನ ಕಡದ್ರು ಅಂತ ಹೇಳೀನಿ."

ಗೋಡೆಯಾಚೆ ಇಮಾಮಬಿ ಬೀಡಿ ಎಲೆ ಕತ್ತರಿಸುವ ಸದ್ದು ಕೇಳುತ್ತಿತ್ತು. ಖಾಜಾನ ಮಂಚ ಇರುತ್ತಿದ್ದ ಹೊಸ್ತಿಲ ಹತ್ತಿರವೇ ಇವರು ಕೂತಿದ್ದರು.

"ಯಾವಾಗ ಹೇಳಿದ್ರಿ?"

"ಹೋದ ಮೂರು ತಿಂಗಳಿಗೆ."

ಅಂದರೆ ನಾನು ಅವರಿಗೆ ಆಯುಷ್ಯ ಎಣಿಸುವುದಕ್ಕೆ ವರ್ಷ ಮೊದಲೇ ಅವರು ನನ್ನನ್ನು ಕೊಂದು ಮುಗಿಸಿದ್ದರು. ಅದಕ್ಕೆ ಯಾವ ಜೋಶಿಯೂ ಬೇಕಾಗಿರಲಿಲ್ಲ, ಮುತ್ತುಗದ ಎಲೆಯೂ ಬೇಕಾಗಿರಲಿಲ್ಲ. ಗಂಡಸು ಹೇಳಿದ್ದನ್ನು ಒಬ್ಬರೂ ಹಲಗೆಯ ಮೇಲೆ ಬರೆಸಿ ನೋಡಿರಲಿಲ್ಲ.

ನಾನು ಬಂಗಾರದ ಗಂಟನ್ನು ತಿರುಗಿ ಎತ್ತಿಕೊಂಡೆ.

"ಮಕ್ಕಳಿಲ್ಲದ ಸತ್ತಾಕಿ ಬಂಗಾರ ತವರಿಗೆ ಹೋಗ್ತದರಿ," ಎಂದೆ. "ಅದೂ ನಮ್ಮ ಪದ್ಧತಿ. ಅತ್ತಿಯವರಿಗೆ ಗೊತ್ತದ."

"ಏನ ಮಾತು ಅದು!" ತುಕಾರಾಮ ಎದ್ದ. ಅತ್ತೆ ಹಾಸಿಗೆಯಿಂದ ಕೂಗಿದರು: "ಗಂಡನ್ನ ಕೊಂದು ಹೋಗ್ತೀಯೇನಾ? ಅವನ ಜೀವ ಅದ ಅದರಾಗ. ನೀನೇ ಹೇಳೀದಿ."

"ಅವರ ಆಯುಷ್ಯ ಗಟ್ಟಿ ಅದ ಅತ್ತೀ. ಅದನ್ನೂ ಹೇಳೀನಿ."

ನಾನು ಟ್ರಂಕು ತುಂಬಿ ಹೊರಬರುವಾಗ ಇವರು ಊಟದ ಮೇಲಿನ ಎಲೆಅಡಿಕೆಯನ್ನು ಕೈಯಲ್ಲಿ ಹಿಡಿದು ಹಾಗೇ ಕೂತಿದ್ದರು.

ಬಸ್ಸಿನ ತನಕ ಇಮಾಮಬಿ ಬಂದಳು. ಟ್ರಂಕಿನ ಒಂದು ಕಡೆ ಅವಳು, ಒಂದು ಕಡೆ ನಾನು. ದಾರಿಯಲ್ಲಿ ಕೇಳಿದೆ. "ನಾ ಸತ್ತೀನಿ ಅಂತ ನಿನಗ ಆಗೇ ಗೊತ್ತಾಗಿತ್ತಲ್ಲ?"

"ಗೊತ್ತಾಗಿತ್ತು ಬಾಯಿ. ತಂಗಿ ಹೇಳಿದ್ಲು. ಚಾಳಿನ ಮಂದಿಗೆಲ್ಲ ಗೊತ್ತು, ಪಾಪದವನ ಹೆಂಡತಿನ ನಮ್ಮವರು ಕಡದ್ರು ಅಂತ. ನನ್ನ ಬುರ್ಖಾ ನೋಡಿ ಒಬ್ಬ ಉಗುಳಿದ." ಟ್ರಂಕು ಕೈ ಬದಲಿಸಿದಳು. "ನಿನಗೆ ಯಾಕೆ ಹೇಳ್ಲಿ? ಸುಮ್ನಾದೆ."

ಅವಳ ಕ್ಷಮೆ ಕೇಳಬೇಕೆನಿಸಿತು. ಯಾವುದರಿಂದ ಶುರುಮಾಡುವುದೆಂದು ತಿಳಿಯಲಿಲ್ಲ. ಬಸ್ಸು ಬಂತು. ಟ್ರಂಕನ್ನು ಮೇಲೆ ಹಾಕಿಸಿ ಅವಳು ಕೆಳಗೆ ನಿಂತಳು. ಕಂಡಕ್ಟರ್ ಎಲ್ಲಿಗೆಂದು ಕೇಳಿದ. ಕಮಲಾಪುರ ಎಂದೆ. ಒಬ್ಬರೇನಾ ಎಂದು ಕೇಳಿದ. ಹೌದು, ಒಂದೇ ಟಿಕೀಟು ಎಂದೆ.